ಮುಸುಕಿನ ಜೋಳದಲ್ಲಿ ಸೈನಿಕ ಹುಳು: ಯಾವಾಗ, ಎಷ್ಟು ಸಿಂಪಡಿಸಬೇಕು?

ರೈತರೇ, ಬೆಳಿಗ್ಗೆ ಹೊಲದ ನಾಲ್ಕೈದು ಕಡೆ ಸುಳಿ ಬಿಡಿಸಿ ನೋಡಿ. ಎಲೆಯಲ್ಲಿ ತೂತು, ಸುಳಿಯಲ್ಲಿ ಒದ್ದೆ ಮರದ ಪುಡಿಯಂಥ ಹಿಕ್ಕೆ ಇದ್ದರೆ ಹುಳು ಒಳಗಿದೆ. ತಲೆಯ ಮೇಲೆ ತಲೆಕೆಳಗಾದ ‘Y’ ಗುರುತು ಇರುತ್ತದೆ.

ಮೊಟ್ಟೆ, ಮರಿಹುಳು ಕಂಡಾಗ ಬೇವಿನ ಔಷಧಿ (1500 ಪಿಪಿಎಂ) ಲೀಟರ್ ನೀರಿಗೆ 5 ಮಿ.ಲೀ. ಸಾಕು.

ಹಾನಿ ಜಾಸ್ತಿಯಾದರೆ ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ, ಲೀಟರಿಗೆ 0.4 ಮಿ.ಲೀ. ಇದು 4 ಮಿ.ಲೀ. ಅಲ್ಲ, ಅರ್ಧ ಮಿ.ಲೀ.ಗಿಂತ ಸ್ವಲ್ಪ ಕಡಿಮೆ! 15 ಲೀಟರ್ ಟ್ಯಾಂಕಿಗೆ 6 ಮಿ.ಲೀ. ಎಕರೆಗೆ 200 ಲೀಟರ್ ನೀರು, 80 ಮಿ.ಲೀ. ಔಷಧಿ. ಲೇಬಲ್ ಮೇಲಿನ 200 ಮಿ.ಲೀ. ಒಂದು ಹೆಕ್ಟೇರಿಗೆ, ಅಂದರೆ ಸುಮಾರು ಎರಡೂವರೆ ಎಕರೆಗೆ. ಬಾಟಲಿ ಮುಚ್ಚಳದಲ್ಲಿ ಸುಮ್ನೆ ಅಂದಾಜು ಮಾಡಬೇಡಿ. ಸೂಜಿ ತೆಗೆದ ಸಿರಿಂಜ್ ಬಳಸಿ, ಮತ್ತೆ ಬೇರೆ ಯಾವುದಕ್ಕೂ ಅದನ್ನು ಬಳಸಬೇಡಿ.

ಸಂಜೆ, ಗಾಳಿ ಇಲ್ಲದಾಗ, ನಾಝಲ್ ಸುಳಿಯೊಳಗೆ ತಿರುಗಿಸಿ ಹೊಡೆಯಿರಿ. ಎಲೆ ಮೇಲೆ ಬಿದ್ದರೆ ಒಳಗಿನ ಹುಳಕ್ಕೆ ತಾಗಲ್ಲ ಅಲ್ವಾ? ಕೈಗವಸು, ಮುಖಗವಸು ಮರೆಯಬೇಡಿ. ವಾರ ಬಿಟ್ಟು ಮತ್ತೆ ಸುಳಿ ನೋಡಿ. ಹೊಸ ಹಿಕ್ಕೆ ಇಲ್ಲದಿದ್ದರೆ ಇನ್ನೊಂದು ಸಿಂಪಡಣೆ ಬೇಡ.