ನನ್ನ ಮೆಚ್ಚಿನ ಹಬ್ಬ ಸಂಕ್ರಾಂತಿ

ನನಗೆ ಸಂಕ್ರಾಂತಿ ಹಬ್ಬ ಅಂದರೆ ತುಂಬಾ ಇಷ್ಟ. ಈ ಪ್ರಬಂಧವನ್ನು ಹೋದ ವಾರ ಒಂದು ಸಲ ಬರೆದಿದ್ದೆ. ಅದು "ನಮ್ಮ ನಾಡು ಹಬ್ಬಗಳ ತವರೂರು" ಅಂತ ಶುರುವಾಗುತ್ತಿತ್ತು. ಚಿಕ್ಕಪ್ಪ ಹೇಳಿಕೊಟ್ಟಿದ್ದು. ಮಿಸ್ ಓದಿ, "ಸೌಹಾರ್ದ ಅಂದರೆ ಏನು ಹೇಳು ನೋಡೋಣ" ಅಂದರು. ನನಗೆ ಗೊತ್ತಿರಲಿಲ್ಲ. ಅದಕ್ಕೇ ಈ ಸಲ ನಾನೇ ಬರೆಯುತ್ತಿದ್ದೇನೆ.

ಸಂಕ್ರಾಂತಿ ಜನವರಿ 14ಕ್ಕೆ ಬರುತ್ತದೆ, ಕೆಲವು ವರ್ಷ 15ಕ್ಕೆ. ಅವತ್ತು ಸೂರ್ಯ ಮಕರ ರಾಶಿಗೆ ಹೋಗುತ್ತಾನೆ. ಗಣೇಶನ ಹಬ್ಬ ಒಂದು ವರ್ಷ ಆಗಸ್ಟಲ್ಲಿ ಬಂದರೆ ಇನ್ನೊಂದು ವರ್ಷ ಸೆಪ್ಟೆಂಬರಲ್ಲಿ ಬರುತ್ತದೆ. ಇದು ಹಾಗೆ ಆಟ ಆಡಿಸುವುದಿಲ್ಲ.

ಒಂದು ವಾರ ಮೊದಲೇ ನಮ್ಮ ಮನೆಯಲ್ಲಿ ಎಳ್ಳು ಬೆಲ್ಲದ ಕೆಲಸ ಶುರು. ಅಮ್ಮ ಅಡಕತ್ತರಿಯಲ್ಲಿ ಕೊಬ್ಬರಿ, ಬೆಲ್ಲ ಎರಡನ್ನೂ ಸಣ್ಣ ಸಣ್ಣದಾಗಿ ಕತ್ತರಿಸುತ್ತಾರೆ. ಹುರಿದ ಕಡಲೆಕಾಯಿ ಬೀಜದ ಸಿಪ್ಪೆ ಉಜ್ಜುವುದು ನನ್ನ ಕೆಲಸ. ಉಜ್ಜಿ ಊದಿದರೆ ಸಿಪ್ಪೆ ಎಲ್ಲಾ ಅಕ್ಕನ ತಲೆ ಮೇಲೆ ಹೋಗುತ್ತದೆ. ಬೇಕು ಅಂತ ಊದಿದ್ದಲ್ಲ. ಬೆಲ್ಲವನ್ನು ಮಹಡಿ ಮೇಲೆ ಬಿಸಿಲಿಗೆ ಹಾಕಿ ಕಾಯಲು ನನ್ನನ್ನು ಕೂರಿಸುತ್ತಾರೆ. ಇರುವೆಗಿಂತ ನಾನೇ ಜಾಸ್ತಿ ತಿನ್ನುತ್ತೇನೆ ಅಂತ ಅಮ್ಮನಿಗೆ ಗೊತ್ತು.

ನಮ್ಮ ಮನೆ ಇರುವುದು ಮಂಡ್ಯದಲ್ಲಿ. ಹಬ್ಬಕ್ಕೆ ಪಾಂಡವಪುರದ ಹತ್ತಿರ ಇರುವ ತಾತನ ಊರಿಗೆ ಹೋಗುತ್ತೇವೆ. ದಾರಿ ತುಂಬಾ ಕಬ್ಬಿನ ಲಾರಿ, ಎತ್ತಿನ ಗಾಡಿ. ಮಂಡ್ಯದ ಸಕ್ಕರೆ ಕಾರ್ಖಾನೆ 1933ರಲ್ಲಿ ಶುರುವಾಯಿತು. ಇದನ್ನು ಬರೆದರೆ ಮಾರ್ಕ್ಸ್ ಜಾಸ್ತಿ ಬರುತ್ತದೆ ಅಂತ ಅಕ್ಕ ಹೇಳಿದಳು.

ಹಬ್ಬದ ದಿನ ಬೆಳಗ್ಗೆ ಸಿಹಿ ಪೊಂಗಲ್ ಮಾಡುತ್ತಾರೆ. ಅವರೆಕಾಯಿ, ಗೆಣಸು, ಕಡಲೆಕಾಯಿ ಬೇಯಿಸುತ್ತಾರೆ. ಆಮೇಲೆ ನಾನು, ಅಕ್ಕ ಹೊಸ ಲಂಗ ಹಾಕಿಕೊಂಡು ಮನೆ ಮನೆಗೆ ಎಳ್ಳು ಬೀರಲು ಹೋಗುತ್ತೇವೆ. "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ" ಅನ್ನಬೇಕು. ಅವರೂ ನಮಗೆ ಎಳ್ಳು, ಕಬ್ಬು, ಸಕ್ಕರೆ ಅಚ್ಚು ಕೊಡುತ್ತಾರೆ. ಈ ವರ್ಷ ನನಗೆ ಹನ್ನೊಂದು ಅಚ್ಚು ಬಂತು. ಅದರಲ್ಲಿ ಎರಡು ಗಿಳಿ, ಒಂದು ದೊಡ್ಡ ಕೋಳಿ. ಅಕ್ಕನಿಗೆ ಬರೀ ಎಂಟು. ಒಳ್ಳೆ ಮಾತಾಡಿ ಅಂತ ಹೇಳಿ ಬಂದವರು ದಾರಿಯಲ್ಲೇ ಜಗಳ ಆಡಿದೆವು.

ನನಗೆ ಇದೆಲ್ಲಕ್ಕಿಂತ ಇಷ್ಟ ಆಗುವುದು ಸಾಯಂಕಾಲ ಕಿಚ್ಚು ಹಾಯಿಸುವುದು. ಬೆಳಗ್ಗೆಯೇ ದನಗಳನ್ನು ನಾಲೆಗೆ ಹೊಡೆದುಕೊಂಡು ಹೋಗಿ ಮೈ ತೊಳೆಯುತ್ತಾರೆ. ನಾಲೆಯ ನೀರು ಕೆಆರ್‌ಎಸ್‌ನಿಂದ ಬರುತ್ತದೆ, ಐಸ್ ತರಹ ಇರುತ್ತದೆ. ಆಮೇಲೆ ಮೈಗೆಲ್ಲಾ ಅರಿಶಿನ ಹಚ್ಚಿ, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟುತ್ತಾರೆ. ತಾತನ ಬಿಳಿ ಎತ್ತುಗಳು ನಿಂಬೆಹಣ್ಣಿನ ಬಣ್ಣ ಆಗಿಬಿಟ್ಟವು. ನಾನು ನಮ್ಮ ಕರು ಚುಕ್ಕಿಗೆ ಬಲೂನ್ ಕಟ್ಟಿದೆ. ಅದಕ್ಕೆ ಕೊಂಬು ಇನ್ನೂ ಚಿಕ್ಕದು, ಬಲೂನ್ ಜಾರಿ ಜಾರಿ ಮೂಗಿನ ಮೇಲೆ ಬರುತ್ತಿತ್ತು.

ಕತ್ತಲಾಗುವ ಹೊತ್ತಿಗೆ ಊರ ಮುಂದೆ ದಾರಿಗೆ ಅಡ್ಡ ಹುಲ್ಲು ಹರಡಿ ಬೆಂಕಿ ಹಚ್ಚಿದರು. ಧಗ್ ಅಂತ ಎದ್ದಿತು. ತಾತನ ಎತ್ತುಗಳು ಒಂದೇ ಸಲಕ್ಕೆ ಹಾರಿದವು. ಗೆಜ್ಜೆ ಸದ್ದು, ಶಿಳ್ಳೆ, ಹೊಗೆ, ಯಾರು ಏನು ಕೂಗುತ್ತಿದ್ದಾರೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಯಾಕೆ ಹೀಗೆ ಮಾಡುವುದು ಅಂತ ತಾತನನ್ನು ಕೇಳಿದೆ. "ದನದ ಮೈ ಮೇಲಿನ ಉಣ್ಣೆ ಹುಳ ಉದುರಿಹೋಗಲಿ ಅಂತ ಕಣವ್ವ" ಅಂದರು.

ಹುಡುಗಿಯರಿಗೆ ಹಗ್ಗ ಹಿಡಿಯಲು ಬಿಡುವುದಿಲ್ಲ. ನನಗೆ ಇದೊಂದು ಇಷ್ಟ ಇಲ್ಲ. ಚುಕ್ಕಿಗೆ ಹುಲ್ಲು ಹಾಕುವುದು ನಾನು, ಹಾಯಿಸುವುದು ಮಾತ್ರ ಚಿಕ್ಕಪ್ಪ. ಅದಕ್ಕೇ ಏನೋ ಚುಕ್ಕಿ ಹಾರಲೇ ಇಲ್ಲ. ಬೆಂಕಿ ಹತ್ತಿರ ಬಂದು ಗಕ್ಕನೆ ನಿಂತಿತು. ಎರಡನೇ ಸಲ ಹಿಂದಕ್ಕೆ ತಿರುಗಿ ಚಿಕ್ಕಪ್ಪನನ್ನೇ ಎಳೆದುಕೊಂಡು ಓಡಿತು. ಎಲ್ಲರೂ ನಕ್ಕರು. ನಾನು ಬೆಂಕಿಯ ಆ ಕಡೆಗೆ ಓಡಿಹೋಗಿ, "ಚುಕ್ಕೀ, ಬಾರೇ" ಅಂತ ಕೂಗಿದೆ. ಅಷ್ಟು ಹೊತ್ತಿಗೆ ಬೆಂಕಿ ಸ್ವಲ್ಪ ಸಣ್ಣದಾಗಿತ್ತು, ಅದು ನಿಜ. ಆದರೂ ಚುಕ್ಕಿ ಹಾರಿತು! ಚಿಕ್ಕಪ್ಪನ ಪಂಚೆ ಅಂಚು ಸುಟ್ಟು ಐದು ರೂಪಾಯಿ ಕಾಯಿನ್‌ನಷ್ಟು ತೂತಾಯಿತು. ಹೊಸ ಪಂಚೆ ಅಂತ ಅಜ್ಜಿ ಬೈದರು.

ಹಟ್ಟಿಗೆ ಬಂದ ಮೇಲೆ ಚುಕ್ಕಿಗೆ ನನ್ನ ದೊಡ್ಡ ಕೋಳಿ ಅಚ್ಚು ಕೊಟ್ಟೆ. ಅದು ಪೇಪರ್ ಸಮೇತ ತಿಂದಿತು. ಗಿಳಿ ಎರಡೂ ಇನ್ನೂ ಡಬ್ಬಿಯಲ್ಲಿವೆ, ಅಕ್ಕನಿಗೆ ಎಲ್ಲಿ ಅಂತ ಗೊತ್ತಿಲ್ಲ.