ಒಂದು ನಕ್ಷತ್ರ ನಾಲ್ಕಾಯಿತು (ನವೆಂಬರ್ 2024ರಲ್ಲಿ ತಿದ್ದಿದ್ದು)

ಇಲ್ಲಿ ಕೊಂಡ ಇನ್ವರ್ಟರ್ ಬ್ಯಾಟರಿ ಐದೇ ತಿಂಗಳಿಗೆ ಕೈಕೊಟ್ಟಿತೆಂದು ಜೂನ್‌ನಲ್ಲಿ ಈ ಅಂಗಡಿಗೆ ಒಂದೇ ನಕ್ಷತ್ರ ಕೊಟ್ಟು ಚೆನ್ನಾಗಿ ಬೈದಿದ್ದೆ. ಆಮೇಲೆ ನಡೆದದ್ದನ್ನು ಬರೆಯದೆ ಸುಮ್ಮನಿದ್ದರೆ ಲೆಕ್ಕ ಅರ್ಧಕ್ಕೇ ನಿಂತಂತೆ.

ನಾನು ಬರೆದು ಎಂಟು ದಿನಕ್ಕೆ ಮಾಲೀಕರು ತಾವೇ ಮನೆಗೆ ಬಂದರು. ಬ್ಯಾಟರಿಯ ಮುಚ್ಚಳ ತೆಗೆದು ಟಾರ್ಚ್ ಬಿಟ್ಟರೆ ಒಳಗೆ ಪ್ಲೇಟುಗಳು ಒಣಗಿ ಕಾಣುತ್ತಿದ್ದವು. ಅಷ್ಟಕ್ಕೆ ನೀರು ಹಾಕಿಲ್ಲವೆಂದು ನನ್ನನ್ನೇ ದೂರುತ್ತಾರೆ ಎಂದುಕೊಂಡೆ. ಅವರು ಮಾತಾಡದೆ ಇನ್ವರ್ಟರಿಗೆ ಮಲ್ಟಿಮೀಟರ್ ಹಿಡಿದರು. ಚಾರ್ಜ್ ತುಂಬಿದ ಮೇಲೆ ಸುಮಾರು 13.7 ವೋಲ್ಟ್‌ಗೆ ಇಳಿಯಬೇಕಾದದ್ದು 15ರ ಮೇಲೇ ನಿಂತಿತ್ತು. ಹಗಲೂ ರಾತ್ರಿ ಹೀಗೆ ಕುದಿಸಿದರೆ ಡಿಸ್ಟಿಲ್ಡ್ ನೀರು ಎಷ್ಟು ಸುರಿದರೂ ಉಳಿಯುವುದಿಲ್ಲ. ಇನ್ವರ್ಟರ್ ಕೊಟ್ಟವರೂ ಅವರೇ, ಜೋಡಿಸಿದವರೂ ಅವರ ಹುಡುಗರೇ. "ಜೋಡಿಸಿದ ದಿನವೇ ನೋಡಬೇಕಿತ್ತು, ನಮ್ಮ ತಪ್ಪು" ಎಂದರು. ಚಾರ್ಜಿಂಗ್ ಬೋರ್ಡ್ ಬದಲಾಯಿಸಿ, ಹೊಸ 150 ಆ್ಯಂಪಿಯರ್-ಅವರ್ ಬ್ಯಾಟರಿ ಇಟ್ಟರು. ಒಂದು ರೂಪಾಯಿ ಕೇಳಲಿಲ್ಲ.

ತಕ್ಷಣ ತಿದ್ದದೆ ಮಳೆಗಾಲ ಕಳೆಯಲಿ ಎಂದು ಕಾದೆ. ಸಾಗರದ ಮಳೆಯಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳುವವರಿಲ್ಲ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆ ಯಾವುದಿದೆ? ಐದು ತಿಂಗಳಾಯಿತು. ನೀರಿನ ಮಟ್ಟ ತೋರಿಸುವ ತೇಲುಕಡ್ಡಿ ಹಸಿರು ಗೆರೆಯಲ್ಲೇ ಇದೆ.

ನಡುವೆ ಮಾಲೀಕರು ಫೋನ್ ಮಾಡಿ, "ಹಳೆಯದನ್ನು ಅಳಿಸಿಬಿಡಿ, ಸರ್" ಎಂದು ಕೇಳಿದ್ದರು. ಒಪ್ಪಲಿಲ್ಲ. ಬೈಗುಳವನ್ನು ಅಳಿಸಿ ಬರೀ ಹೊಗಳಿಕೆ ಉಳಿಸಿದರೆ, ಓದಿದವರು ಇದನ್ನು ಬರೆದವನು ಮಾಲೀಕರ ಭಾವಮೈದುನನೇ ಇರಬೇಕು ಎನ್ನುತ್ತಾರೆ. ಕೆಟ್ಟದ್ದೇನು, ಅದನ್ನು ಹೇಗೆ ಸರಿಪಡಿಸಿದರು ಎರಡೂ ಕಂಡರೆ ತಾನೇ ಮುಂದಿನ ಗಿರಾಕಿಗೆ ಧೈರ್ಯ. ಅವರಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ.

ಐದನೆಯ ನಕ್ಷತ್ರ ಕೊಟ್ಟಿಲ್ಲ. ಮೊದಲ ಮೂರು ಸಲ ಫೋನಿನಲ್ಲಿ ನನಗೆ ಸಿಕ್ಕ ಉತ್ತರ ಇನ್ನೂ ಮರೆತಿಲ್ಲ.

ಇನ್ನೊಂದು ತಿದ್ದುಪಡಿ ನನ್ನ ಕಡೆಯದು. "ಹಳೆಯ ಬ್ಯಾಟರಿ ಕೊಟ್ಟಿರಬೇಕು" ಎಂದು ಕೆಳಗೆ ಬರೆದದ್ದು ತಪ್ಪು. ಬ್ಯಾಟರಿಯ ಮೇಲೆ ಒತ್ತಿದ್ದ ತಯಾರಿಕೆಯ ತಿಂಗಳು ನಾನು ಕೊಂಡದ್ದಕ್ಕಿಂತ ಒಂದೇ ತಿಂಗಳು ಹಿಂದಿನದು. ಸಿಟ್ಟಿನಲ್ಲಿ ಅದನ್ನು ನೋಡದೆ ಬರೆದೆ. ಕ್ಷಮೆ ಇರಲಿ.

ಹಳೆಯ ಬರಹ, ಜೂನ್ 2024, ಒಂದು ನಕ್ಷತ್ರ:

"ಜನವರಿಯಲ್ಲಿ ಕೊಂಡ ಬ್ಯಾಟರಿ ಐದೇ ತಿಂಗಳಿಗೆ ಕೈಕೊಟ್ಟಿದೆ. ಎರಡು ಫ್ಯಾನ್ ಹಾಕಿದರೆ ಹತ್ತು ನಿಮಿಷಕ್ಕೆ ಕೂಗಿ ಆರುತ್ತದೆ. ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ 'ನೀವು ನೀರು ಹಾಕಿಲ್ಲ' ಎಂದೇ ಉತ್ತರ. ತಿಂಗಳಿಗೊಮ್ಮೆ ತಪ್ಪದೆ ಹಾಕಿದ್ದೇನೆ. ಹಳೆಯ ಬ್ಯಾಟರಿ ಕೊಟ್ಟಿರಬೇಕು. ವಾರಂಟಿ ಕಾರ್ಡ್ ಗೋಡೆಗೆ ಅಂಟಿಸಿಕೊಳ್ಳಲು ಚೆನ್ನಾಗಿದೆ."