ನಂಜಣ್ಣನವರಿಗೆ, ಆಯುಧಪೂಜೆಯ ಹೊತ್ತಿಗೆ

ವಿಜಯನಗರ, ಬೆಂಗಳೂರು
ಹಬ್ಬದ ಹಿಂದಿನ ದಿನ

ನಂಜಣ್ಣನವರಿಗೆ ನಮಸ್ಕಾರ.

ಎದುರಿಗೆ ಹೇಳೋಕೆ ಬಂದರೆ ನೀವು "ಇರ್ಲಿ ಬಿಡಕ್ಕ" ಅಂತ ಮಾತು ಮುಗಿಸಿಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಮನೆಗೆ ಹೋಗಿ ನಿಧಾನವಾಗಿ ಓದಿ.

ಅಪ್ಪನಿಗೆ ಡಯಾಲಿಸಿಸ್ ಶುರುವಾಗಿ ಎರಡು ವರ್ಷ ಆಯಿತು. ಸೋಮವಾರ, ಬುಧವಾರ, ಶುಕ್ರವಾರ. ಬೆಳಿಗ್ಗೆ ಆರಕ್ಕೆ ನೀವು ಅಪ್ಪನನ್ನು ಕಾರಲ್ಲಿ ಕೂರಿಸಿಕೊಂಡು ಮನೆ ಬಿಟ್ಟರೆ ವಾಪಸ್ ಬರುವಾಗ ಹನ್ನೆರಡಾಗಿರುತ್ತದೆ. ನಾನು ಜೊತೆಗೆ ಬಂದದ್ದು ಕಡಿಮೆ. ಬಂದಾಗ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಅಪ್ಪನ ಎಡಗೈಯಲ್ಲಿ ಡಯಾಲಿಸಿಸ್ ಸೂಜಿ ಚುಚ್ಚೋಕೆ ಅಂತ ಮಾಡಿದ ಫಿಸ್ಟುಲಾ ಇದೆ. ಆ ಕೈ ಮೇಲೆ ಭಾರ ಬೀಳಬಾರದು, ಯಾರೂ ಹಿಡಿದು ಎಳೆಯಬಾರದು ಅಂತ ನರ್ಸ್ ಒಂದೇ ಸಲ ಹೇಳಿದ್ದು. ನಮ್ಮ ನೆಂಟರೇ ಮರೆತು ಅದೇ ಕೈ ಹಿಡಿಯುತ್ತಾರೆ. ನೀವು ಮರೆತದ್ದನ್ನು ನಾನು ನೋಡಿಲ್ಲ. ಬಾಗಿಲು ತೆಗೆದು, ಅಪ್ಪನ ಬಲಗಡೆಗೆ ಬಂದು ತೋಳು ಕೊಡುತ್ತೀರಿ. ಎದ್ದ ಕೂಡಲೇ ನಡೆಸುವುದಿಲ್ಲ. "ಒಂದ್ನಿಮಿಷ ಸಾರ್, ತಲೆ ಸುತ್ತುತ್ತಾ ನೋಡ್ಕೊಳ್ಳಿ" ಅಂತೀರಿ. ಡಯಾಲಿಸಿಸ್ ಮುಗಿಸಿ ಬಂದವರಿಗೆ ಬಿಪಿ ಇಳಿದಿರಬಹುದು ಅಂತ ನನಗೆ ತಿಳಿದದ್ದೇ ನಿಮ್ಮಿಂದ.

ಇನ್ನು ಎಳನೀರಿನ ವಿಷಯ. ಪೊಟ್ಯಾಸಿಯಂ ಜಾಸ್ತಿ, ಕಿಡ್ನಿ ಕೆಟ್ಟವರು ಕುಡಿಯಬಾರದು. ಆದರೆ ಅಪ್ಪನಿಗೆ ಜೀವ ಅದರ ಮೇಲೆಯೇ. ಗಾಡಿಯಲ್ಲಿ ಹೋಗುವಾಗ ಎಳನೀರು ಕಂಡಾಗಲೆಲ್ಲ "ನಿಲ್ಸಪ್ಪ" ಅನ್ನುತ್ತಾರಂತೆ. ನೀವು ಪ್ರತಿ ಸಲವೂ "ಇಲ್ಲಿ ಪಾರ್ಕಿಂಗ್ ಇಲ್ಲ ಸಾರ್" ಅಂತೀರಂತೆ. "ಕುಡಿಯಬಾರದು" ಅಂದಿದ್ದರೆ ಅಪ್ಪನಿಗೆ ನೋವಾಗುತ್ತಿತ್ತು. ಅಷ್ಟು ಯೋಚನೆ ಮಾಡಿ ಮಾತಾಡುವವರು ಮಗಳಾದ ನನ್ನ ಕಣ್ಣಿಗೂ ಜಾಸ್ತಿ ಕಂಡಿಲ್ಲ.

ಮಳೆಗಾಲದ ಆ ರಾತ್ರಿ ನಿಮಗೂ ನೆನಪಿರುತ್ತೆ. ಅಪ್ಪನಿಗೆ ಉಸಿರು ಕಟ್ಟಿತ್ತು, ಕರೆಂಟ್ ಹೋಗಿ ಲಿಫ್ಟ್ ನಿಂತಿತ್ತು. ಕಾಮಾಕ್ಷಿಪಾಳ್ಯದಿಂದ ನೆನೆದುಕೊಂಡು ಬೈಕಲ್ಲಿ ಬಂದಿರಿ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಪ್ಪನನ್ನು ಕೂರಿಸಿ, ವಾಚ್‌ಮನ್ ಜೊತೆ ಮೂರು ಮಹಡಿ ಇಳಿಸಿದಿರಿ. ಮಾರನೇ ದಿನ ಅಪ್ಪ ನಿಮ್ಮ ಜೇಬಿಗೆ 5,000 ರೂಪಾಯಿ ತುರುಕಿದರು. ನೀವು ಅದನ್ನು ತೆಗೆದು ಟೀಪಾಯ್ ಮೇಲಿಟ್ಟು ಹೊರಗೆ ಹೋದಿರಿ. ನಿಮ್ಮ ಮುಖ ನೋಡಿ ನನಗೆ ಅರ್ಥವಾಯಿತು. ಅಪ್ಪನ ತಲೆಮಾರಿನವರಿಗೆ ಮನಸ್ಸು ತುಂಬಿ ಬಂದರೆ ಬಾಯಿ ಬರುವುದಿಲ್ಲ, ಕೈ ಜೇಬಿಗೆ ಹೋಗುತ್ತೆ. ದಯವಿಟ್ಟು ಅದನ್ನು ಮನಸ್ಸಲ್ಲಿ ಇಟ್ಟುಕೊಳ್ಳಬೇಡಿ.

ಆದರೆ ಅವತ್ತು ನನ್ನಿಂದಲೂ ಒಂದು ತಪ್ಪಾಯಿತು. ನೀವು ದುಡ್ಡು ಬೇಡ ಅಂದಿರಿ ಅಂತ ಓಟಿ ಲೆಕ್ಕವನ್ನೂ ಬಿಟ್ಟುಬಿಟ್ಟೆ. ಇನಾಮು ಬೇರೆ, ದುಡಿದ ಸಂಬಳ ಬೇರೆ. ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಏಳರವರೆಗೆ ನೀವು ಡ್ಯೂಟಿಯಲ್ಲಿದ್ದಿರಿ. ಗಂಟೆಗೆ 150ರಂತೆ 1,200 ರೂಪಾಯಿ ಇವತ್ತು ನಿಮ್ಮ ಅಕೌಂಟಿಗೆ ಹಾಕಿದ್ದೇನೆ. ಹಬ್ಬದ ಬೋನಸ್ 24,000, ಒಂದು ತಿಂಗಳ ಸಂಬಳ, ಅದನ್ನೂ ಹಾಕಿದ್ದೇನೆ. ಮಗಳ ಕಾಲೇಜು ಫೀಸಿಗೆ ತಗೊಂಡ ಅಡ್ವಾನ್ಸನ್ನು ಇದರಲ್ಲಿ ಮುರಿದುಕೊಂಡಿಲ್ಲ. ಅದು ಮಾತಾಡಿಕೊಂಡ ಹಾಗೇ ತಿಂಗಳಿಗೆ 2,000 ಹೋಗುತ್ತೆ.

ಈ ಬೋನಸ್ ಪ್ರತಿ ವರ್ಷವೂ ಇರುತ್ತೆ. ನೀವು ಅಪ್ಪನಿಗೆ ತೋಳು ಕೊಟ್ಟದ್ದಕ್ಕೆ ಇದು ಬೆಲೆ ಅಂತ ತಿಳಿಯಬೇಡಿ. ಅದಕ್ಕೆ ನನ್ನ ಹತ್ತಿರ ಇರುವುದು ಈ ಕಾಗದ ಅಷ್ಟೇ. ಮುಂದೆ ಎಲ್ಲಾದರೂ ಇದಕ್ಕಿಂತ ಒಳ್ಳೆ ಕೆಲಸ ಸಿಕ್ಕರೆ ಒಂದು ತಿಂಗಳು ಮೊದಲು ಹೇಳಿ, ಸಾಕು. ಬೋನಸ್ ತಗೊಂಡುಬಿಟ್ಟೆನಲ್ಲ ಅನ್ನೋ ಮುಲಾಜು ಬೇಡ.

ಇನ್ನೊಂದು ಮಾತು ಹೇಳಲೇಬೇಕು. ಹೋದ ವರ್ಷ ನಿಮ್ಮ ಮನೆಯವರಿಗೆ ಕೊಟ್ಟ ಸೀರೆ ನಮಗೆ ಯಾರದೋ ಗೃಹಪ್ರವೇಶದಲ್ಲಿ ಬಂದದ್ದು. ಮಡಿಕೆ ಕೂಡ ಬಿಚ್ಚದೆ ದಾಟಿಸಿದೆ. ಅವರು ಅದನ್ನು ಉಟ್ಟುಕೊಂಡು ನಮಸ್ಕಾರ ಹೇಳೋಕೆ ಬಂದಾಗ ನನಗೆ ತುಂಬಾ ನಾಚಿಕೆಯಾಯಿತು. ಈ ಸಲ ಫೋನ್ ಮಾಡಿ ಬಣ್ಣ ಕೇಳಿ, ನಾನೇ ಹೋಗಿ ತಂದಿದ್ದೇನೆ. ಸಂಪಿಗೆ ಬಣ್ಣ, ಹಸಿರು ಅಂಚು.

ನೀವು ಮಾತ್ರ ಪ್ರತಿಯಾಗಿ ಏನೂ ತರಬೇಡಿ. ಹೋದ ಸಲ ಬೋನಸ್ ಬಂದ ವಾರವೇ ಅಪ್ಪನಿಗೆ ಪಂಚೆ, ಶಲ್ಯ ತಂದಿರಿ. ಅಪ್ಪ ಈಗಲೂ ಅದನ್ನೇ ಉಡುತ್ತಾರೆ, ಆದರೂ ಆ ದುಡ್ಡು ನಿಮ್ಮ ಮನೆಗೆ ಅಂತ ಕೊಟ್ಟದ್ದು. ಮದ್ದೂರಿಂದ ಅವರೆಕಾಯಿ ಬಂದರೆ ಮಾತ್ರ ನಾಲ್ಕು ಹಿಡಿ ಬೇಡ ಅನ್ನಲ್ಲ. ಅಮ್ಮ ಆ ಸೊಗಡಿಗೇ ಕಾಯುತ್ತಿರುತ್ತಾರೆ.

ನಾಳೆ ಎಂಟು ಗಂಟೆಗೆ ಪೂಜೆ. ಮೂವರೂ ಬನ್ನಿ, ತಿಂಡಿ ಇಲ್ಲೇ. ಚೆಂಡು ಹೂವಿನ ಹಾರ, ನಿಂಬೆಹಣ್ಣು, ಬೂದುಗುಂಬಳ ಎಲ್ಲ ತಂದಿಟ್ಟಿದ್ದೇನೆ. ಕುಂಬಳಕಾಯಿ ನೀವು ಒಡೆಯಿರಿ. ಬೈಕಿನವರು ಜಾರಿ ಬೀಳದ ಹಾಗೆ ಆ ಚೂರುಗಳನ್ನು ಬಳಿದು ತೆಗೆಯುವುದು ನನ್ನ ಪಾಲು. ಪೂಜೆ ಆದಮೇಲೆ ಗಾಡಿ ತಗೊಂಡು ಮನೆಯವರನ್ನು ಒಂದು ರೌಂಡ್ ಕರೆದುಕೊಂಡು ಹೋಗಿ ಬನ್ನಿ. ಟ್ಯಾಂಕ್ ತುಂಬಿಸಿದ್ದೇನೆ.

ನಿಮ್ಮ
ಸುಮಾ